ನಾಲ್ಕನೇ ಜಾವಕ್ಕೆ ಬರುವ ಉತ್ತರ

ಗಂಗಾವತಿ ಸೀಮೆಯಲ್ಲಿ ಬಗೆಹರಿಯದ ತಕರಾರು ಇಟ್ಟುಕೊಂಡವರಿಗೆ ಹಿರಿಯರು ಹೇಳುವ ಮಾತೊಂದಿದೆ: ‘ಮಂತ್ರಾಲಯಕ್ಕ ಹೋಗಿ ಸೇವಾ ಮಾಡು, ರಾಯರು ಕನಸಿನ್ಯಾಗ ಬಂದು ಹೇಳ್ತಾರ.’ ಮಗಳ ಸಂಬಂಧ ಕೂಡಿಬರದಿದ್ದರೂ ಇದೇ ಮಾತು, ಅಣ್ಣತಮ್ಮಂದಿರ ಹೊಲದ ಜಗಳಕ್ಕೂ ಇದೇ ಮಾತು. ನಮ್ಮ ಪಕ್ಕದಲ್ಲಿ ಹರಿಯುವ ತುಂಗಭದ್ರೆಯೇ ಕೆಳಗೆ ಹೋಗಿ ಮಂತ್ರಾಲಯವನ್ನು ಮುಟ್ಟುತ್ತಾಳೆ. ಅಲ್ಲಿ ಸೇವೆಗೆ ನಿಂತವರು ನಸುಕಿನಲ್ಲಿ ನದಿಯಲ್ಲಿ ಮುಳುಗುತ್ತಾರೆ, ಒದ್ದೆ ಬಟ್ಟೆಯಲ್ಲೇ ಬೃಂದಾವನಕ್ಕೆ ಪ್ರದಕ್ಷಿಣೆ ಹಾಕುತ್ತಾರೆ, ಕೆಲವರು ಉರುಳುತ್ತಾರೆ. ಮಠದ ಪ್ರಸಾದವಷ್ಟೇ ಊಟ. ರಾತ್ರಿ ಅದೇ ಪ್ರಶ್ನೆಯನ್ನು ನೆನೆಯುತ್ತ ಮಲಗುತ್ತಾರೆ. ಕೆಲವರು ಮೂರು ದಿನ, ಕೆಲವರು ಏಳು, ಇನ್ನು ಕೆಲವರು ನಲವತ್ತೆಂಟು. ಎಷ್ಟು ದಿನ ಅಂತ ಮೊದಲೇ ಗೊತ್ತುಮಾಡದೆ, ‘ಸೂಚನಾ ಆಗೋತನಕ’ ಎಂದು ನಿಲ್ಲುವವರೂ ಉಂಟು. ಕನಸಿನಲ್ಲಿ ಯಾರೋ ಮಂತ್ರಾಕ್ಷತೆ ಕೊಟ್ಟಂತೆಯೋ, ಹಣ್ಣು ಉಡಿಗೆ ಹಾಕಿದಂತೆಯೋ ಕಂಡರೆ ಸೇವೆ ಮುಗಿಯಿತು ಎಂದರ್ಥ.

ಭಕ್ತಿಯ ಮಾತನ್ನು ಭಕ್ತರಿಗೇ ಬಿಡೋಣ. ಇಲ್ಲಿ ಕೇಳಹೊರಟಿರುವುದು ಅದಕ್ಕಿಂತ ಸಣ್ಣ ಪ್ರಶ್ನೆ: ಒಂದು ಪ್ರಶ್ನೆಯನ್ನು ಹೊತ್ತು ಮಲಗಿದ ಮನುಷ್ಯನಿಗೆ ಕನಸಿನಲ್ಲಿ ಉತ್ತರ ಸಿಗುತ್ತದೆಯೇ? ಸಿಗುವುದಾದರೆ ಎಂಥ ಪ್ರಶ್ನೆಗೆ, ಎಷ್ಟು ಸಲಕ್ಕೆ ಒಮ್ಮೆ? ಇದನ್ನು ನಿದ್ರಾವಿಜ್ಞಾನಿಗಳು ಎಣಿಸಿ ನೋಡಿದ್ದಾರೆ. ಆ ಲೆಕ್ಕಕ್ಕೆ ಹೋಗುವ ಮೊದಲು ನಮ್ಮದೇ ಹೊಳೆದಂಡೆಯ ಒಬ್ಬ ದೊರೆಯ ಕನಸನ್ನು ನೋಡಬೇಕು. ಅದರಲ್ಲಿ ಈ ವಿದ್ಯೆಯ ಅಂಗಗಳೆಲ್ಲ ಇವೆ.

ಕೃಷ್ಣದೇವರಾಯ ಗಜಪತಿಗಳ ಮೇಲೆ ದಂಡೆತ್ತಿ ಪೂರ್ವಕ್ಕೆ ಹೋಗಿದ್ದ ಕಾಲ. ಹಂಪಿ, ಆನೆಗೊಂದಿಗಳಿಂದ ಬಹುದೂರ, ವಿಜಯವಾಡದಲ್ಲಿ ಕೆಲವು ದಿನ ತಂಗಿದ್ದು, ಅಲ್ಲಿಂದ ಕೃಷ್ಣಾ ತೀರದ ಶ್ರೀಕಾಕುಳಕ್ಕೆ ಬರುತ್ತಾನೆ. ಇದು ಇವತ್ತಿನ ಜಿಲ್ಲಾ ಕೇಂದ್ರ ಶ್ರೀಕಾಕುಳಂ ಅಲ್ಲ, ಕೃಷ್ಣಾ ಜಿಲ್ಲೆಯ ಸಣ್ಣ ಊರು. ಆಂಧ್ರ ಮಹಾವಿಷ್ಣುವಿನ ಗುಡಿ ಇರುವುದು ಇಲ್ಲಿ. ಅಂದು ಹರಿವಾಸರ. ರಾಯ ಉಪವಾಸವಿದ್ದು ಮಲಗಿದ. ರಾತ್ರಿಯ ನಾಲ್ಕನೇ ಜಾವದಲ್ಲಿ ದೇವರು ಕನಸಿಗೆ ಬಂದ. ನೀನು ಸಂಸ್ಕೃತದಲ್ಲಿ ಇಂತಿಂಥ ಕಾವ್ಯಗಳನ್ನು ಬರೆದಿದ್ದೀಯೆ ಎಂದು ಹೆಸರು ಹಿಡಿದು ಹೇಳಿದ: ಮದಾಲಸ ಚರಿತ್ರೆ, ಸತ್ಯಾವಧೂ ಪ್ರೀಣನ ಮೊದಲಾದವು. ಈಗ ತೆಲುಗಿನಲ್ಲಿ ಗೋದಾದೇವಿಯ ಮದುವೆಯ ಕಥೆ ಹೇಳು ಎಂದ. ದೇವರು ಅಲ್ಲಿ ರಾಯನನ್ನು ಕರೆಯುವುದು ‘ಕನ್ನಡರಾಯ’ ಎಂದೇ. ಎದ್ದವನು ಮತ್ತೆ ಮಲಗಲಿಲ್ಲ. ಬೆಳಗಾದ ಮೇಲೆ ಆಸ್ಥಾನದವರಿಗೆ ಕನಸನ್ನು ಹೇಳಿದ. ‘ಆಮುಕ್ತಮಾಲ್ಯದ’ ಹುಟ್ಟಿದ ಬಗೆಯನ್ನು ಆ ಕಾವ್ಯದ ಪೀಠಿಕೆಯಲ್ಲಿ ಅವನೇ ಹೀಗೆ ಬರೆದುಕೊಂಡಿದ್ದಾನೆ.

ಕವಿಯ ಪೀಠಿಕೆಯನ್ನು ಪಂಚನಾಮೆಯಂತೆ ಓದಬಾರದು, ಸರಿ. ಕಾವ್ಯಕ್ಕೆ ದೇವರ ಅಪ್ಪಣೆ ಇತ್ತೆಂದು ಹೇಳುವುದು ಅಂದಿನ ಮರ್ಯಾದೆಯೂ ಹೌದು. ಆದರೂ ಕಥೆಯ ಕಟ್ಟಡವನ್ನು ಗಮನಿಸಿ. ದಿನದ ಕೆಲಸದಿಂದ ದೂರದ ಜಾಗ, ಗುಡಿಯ ಸಾನ್ನಿಧ್ಯ, ಹಸಿದ ಹೊಟ್ಟೆ, ಒಂದೇ ಕಡೆ ನೆಟ್ಟ ಮನಸ್ಸು. ಕನಸು ಬಿದ್ದದ್ದು ಬೆಳಗಿನ ಜಾವ. ಅದರಲ್ಲಿ ಬಂದ ಅಪ್ಪಣೆಯೂ ಆಕಾಶದಿಂದ ಉದುರಿದ್ದಲ್ಲ. ಆಗಲೇ ಹಲವು ಕಾವ್ಯ ಬರೆದವನಿಗೆ ‘ಇನ್ನೊಂದು ಬರೆ’ ಎಂದಿತು. ವಿಷ್ಣುಭಕ್ತನಿಗೆ ಗೋದಾದೇವಿಯ ಕಥೆಯನ್ನು ತೋರಿಸಿತು. ತೆಲುಗು ನಾಡಿನ ನಡುವೆ ಬಿಡಾರ ಹೂಡಿದ್ದವನಿಗೆ ತೆಲುಗಿನಲ್ಲಿ ಹೇಳು ಎಂದಿತು. ಒಳಗೆ ಇದ್ದದ್ದೇ ಒಂದು ರೂಪ ತಳೆದು ಎದುರಿಗೆ ನಿಂತಿತು. ಭತ್ತ ಬೆಳೆಯುವುದು ಹೇಗೆ ಎಂದು ಆ ರಾತ್ರಿ ಅವನು ಕೇಳಿದ್ದರೆ ದೇವರು ಏನು ಹೇಳುತ್ತಿದ್ದನೋ ಅನುಮಾನ.

ನಾಲ್ಕನೇ ಜಾವದ ಮಾತು ಸುಮ್ಮನೆ ಬಂದದ್ದಲ್ಲ. ನಮ್ಮ ನಿದ್ದೆ ಸುಮಾರು ತೊಂಬತ್ತು ನಿಮಿಷಗಳ ಸುತ್ತುಗಳಲ್ಲಿ ಸಾಗುತ್ತದೆ. ಪ್ರತಿ ಸುತ್ತಿನ ಕೊನೆಗೆ, ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಅತ್ತಿತ್ತ ಓಡಾಡುವ ಒಂದು ಹಂತ ಬರುತ್ತದೆ. ಕಥೆಯಂತೆ ನಡೆಯುವ, ಬಣ್ಣಬಣ್ಣದ ಕನಸುಗಳು ಹೆಚ್ಚಾಗಿ ಬೀಳುವುದು ಆಗಲೇ. ಮೊದಲ ಸುತ್ತಿನಲ್ಲಿ ಈ ಹಂತ ಹತ್ತು ನಿಮಿಷವೂ ಇರುವುದು ಕಷ್ಟ. ರಾತ್ರಿ ಕಳೆದಂತೆ ಉದ್ದವಾಗುತ್ತ ಹೋಗಿ ಬೆಳಗಿನ ಹೊತ್ತಿಗೆ ಅರ್ಧ ಗಂಟೆ, ಅದಕ್ಕೂ ಮೀರಿ ನಿಲ್ಲುತ್ತದೆ. ಅಂದರೆ ರಾತ್ರಿಯ ಕನಸಿನ ದೊಡ್ಡ ಪಾಲು ಇರುವುದು ಕೊನೆಯ ಜಾವದಲ್ಲಿ. ಪ್ರಶ್ನೆ ಕೇಳಿ ಮಲಗಿದವನು ಅಲಾರಂ ಇಟ್ಟು ನಾಲ್ಕಕ್ಕೇ ಎದ್ದರೆ, ಉತ್ತರ ಬರಬಹುದಾಗಿದ್ದ ಹೊತ್ತನ್ನು ತಾನೇ ಕತ್ತರಿಸಿಕೊಂಡಂತೆ. ರಾತ್ರಿ ತ್ರೀಫೇಸ್ ಕರೆಂಟ್ ಬಂದಾಗ ಎದ್ದು ಹೊಲಕ್ಕೆ ನೀರು ಕಟ್ಟಲು ಹೋಗುವ ರೈತರ ಕನಸುಗಳು ಹೀಗೇ ಕಟ್ಟಾಗುತ್ತವೆ. ರಾತ್ರಿ ಪಾಳಿ ಮಾಡುವ ಮಿಲ್ ಹಮಾಲರ ಗತಿಯೂ ಅಷ್ಟೇ. ಕುಡಿದು ಮಲಗಿದವನಿಗಂತೂ ರಾತ್ರಿಯ ಮೊದಲರ್ಧದಲ್ಲಿ ಈ ಹಂತವೇ ಅದುಮಿ ಹೋಗುತ್ತದೆ.

ಇದನ್ನು ಯಂತ್ರಗಳಿಲ್ಲದ ಕಾಲದಲ್ಲೇ ಗಮನಿಸಿದವರಿದ್ದರು. ಚರಕ ಸಂಹಿತೆಯ ಇಂದ್ರಿಯಸ್ಥಾನದಲ್ಲಿ ಕನಸುಗಳನ್ನು ಏಳು ಬಗೆಯಾಗಿ ವಿಂಗಡಿಸಿದೆ: ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬೇಡಿಕೊಂಡದ್ದು, ಕಲ್ಪಿಸಿಕೊಂಡದ್ದು, ಮುಂದಾಗುವುದನ್ನು ಸೂಚಿಸುವುದು, ದೇಹದ ದೋಷದಿಂದ ಹುಟ್ಟಿದ್ದು. ಮೊದಲ ಐದಕ್ಕೆ ಫಲವಿಲ್ಲ ಎಂದು ವೈದ್ಯ ತಿಳಿಯಬೇಕು ಎನ್ನುತ್ತದೆ ಆ ಗ್ರಂಥ. ಐದರಲ್ಲಿ ನಾಲ್ಕನೆಯದರ ಹೆಸರು ‘ಪ್ರಾರ್ಥಿತ’. ಬೇಡಿಕೊಂಡು ಮಲಗಿದ್ದಕ್ಕೆ ಬಿದ್ದ ಕನಸನ್ನು ಭವಿಷ್ಯದ ಸೂಚನೆಯಾಗಿ ಓದಬೇಡ ಎಂದು ಆಯುರ್ವೇದದ ಮೂಲಗ್ರಂಥವೇ ಹೇಳುತ್ತಿದೆ! ಬೇಡಿಕೆಯೇ ಕನಸಾಗಿ ತಿರುಗಿ ಬರುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಅಲ್ಲೇ ಇನ್ನೆರಡು ಮಾತಿವೆ. ಇರುಳಿನ ಮೊದಲ ಭಾಗದಲ್ಲಿ ಬಿದ್ದ ಕನಸಿಗೆ ಫಲ ಕಡಿಮೆ. ಕಂಡು ಎದ್ದ ಮೇಲೆ ಮತ್ತೆ ನಿದ್ದೆಹೋಗದಿದ್ದರೆ ಆ ಕನಸಿಗೆ ದೊಡ್ಡ ಫಲ. ಫಲ ಎನ್ನುವಲ್ಲಿ ‘ನೆನಪು’ ಎಂದು ಇಟ್ಟು ಓದಿದರೆ ಇವತ್ತಿನ ಪ್ರಯೋಗಾಲಯವೂ ಒಪ್ಪುವ ಮಾತು ಇದು. ಕನಸು ಮುಗಿದ ಹತ್ತು ನಿಮಿಷದಲ್ಲಿ ಬಹುಪಾಲು ಅಳಿಸಿಹೋಗುತ್ತದೆ. ಮತ್ತೆ ಮಲಗಿದರೆ ಉಳಿಯುವುದು ಅಷ್ಟಕ್ಕಷ್ಟೆ.

ಈಗ ಎಣಿಕೆಗೆ ಬರೋಣ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿಲಿಯಂ ಡಿಮೆಂಟ್ ನಿದ್ರಾವಿಜ್ಞಾನವನ್ನು ಕಟ್ಟಿದವರಲ್ಲಿ ಒಬ್ಬರು. ಅವರು 500 ಕಾಲೇಜು ವಿದ್ಯಾರ್ಥಿಗಳಿಗೆ ಒಗಟುಗಳನ್ನು ಕೊಟ್ಟರು. ಮಲಗುವ ಮುನ್ನ ಹದಿನೈದು ನಿಮಿಷ ಒಗಟಿನ ಬಗ್ಗೆ ಯೋಚಿಸಬೇಕು, ಬಿಡಿಸಲಾಗದಿದ್ದರೂ ಬಿಟ್ಟು ಮಲಗಬೇಕು, ಬೆಳಿಗ್ಗೆ ನೆನಪಿರುವ ಕನಸನ್ನೆಲ್ಲ ಬರೆಯಬೇಕು. ಮೂರು ರಾತ್ರಿ, ಮೂರು ಒಗಟು. ಒಟ್ಟು ಕೈಗೆ ಬಂದ ಪ್ರಯತ್ನಗಳು 1148. ಅವುಗಳಲ್ಲಿ ಒಗಟಿಗೆ ಸಂಬಂಧಪಟ್ಟ ಕನಸುಗಳು 87. ಕನಸಿನಲ್ಲೇ ಒಗಟು ಬಿಡಿಸಿದ್ದು 7. ಅಂದರೆ ನೂರ ಅರವತ್ತು ಚಿಲ್ಲರೆ ರಾತ್ರಿಗೆ ಒಂದು ಉತ್ತರ. 1972ರಲ್ಲಿ ತಮ್ಮ ಪುಸ್ತಕದಲ್ಲಿ ಡಿಮೆಂಟ್ ಈ ಲೆಕ್ಕ ಕೊಟ್ಟರು. ‘ಮಲಗಿ ಎದ್ದರೆ ಹೊಳೆದುಬಿಡುತ್ತದೆ’ ಎಂದು ಪರೀಕ್ಷೆಯ ಹಿಂದಿನ ರಾತ್ರಿ ಗಣಿತದ ಪುಸ್ತಕ ಮುಚ್ಚಿಡುವ ಹುಡುಗರಿಗೆ ಇದನ್ನು ತೋರಿಸಬೇಕು.

ಆ ಲೆಕ್ಕಕ್ಕಿಂತ ರುಚಿಯಾದದ್ದು ಆ ಪ್ರಯೋಗದ ಒಬ್ಬ ಹುಡುಗನ ಕಥೆ. ಅವನಿಗೆ ಕೊಟ್ಟ ಒಗಟು ಹೀಗಿತ್ತು: ಎಚ್, ಐ, ಜೆ, ಕೆ, ಎಲ್, ಎಂ, ಎನ್, ಒ. ಈ ಇಂಗ್ಲಿಷ್ ಅಕ್ಷರಗಳ ಸಾಲು ಒಂದು ಪದವನ್ನು ಸೂಚಿಸುತ್ತದೆ, ಯಾವುದು? ಸಾಲು ಶುರುವಾಗುವುದು ಎಚ್‌ನಿಂದ, ಮುಗಿಯುವುದು ಒನಲ್ಲಿ. ಎಚ್ ಟು ಒ, ಅಂದರೆ ನೀರು. (ಇಂಗ್ಲಿಷಿನಲ್ಲಿ ‘ಎಚ್‌ನಿಂದ ಒವರೆಗೆ’ ಎನ್ನುವುದೂ ನೀರಿನ ರಾಸಾಯನಿಕ ಸೂತ್ರವೂ ಕಿವಿಗೆ ಒಂದೇ.) ಹುಡುಗನಿಗೆ ಆ ರಾತ್ರಿ ಸಾಲುಸಾಲಾಗಿ ಕನಸು ಬಿದ್ದವು. ಒಂದರಲ್ಲಿ ಶಾರ್ಕ್ ಬೇಟೆ. ಒಂದರಲ್ಲಿ ಸಮುದ್ರದ ಅಲೆ. ಇನ್ನೊಂದರಲ್ಲಿ ಧೋ ಎಂದು ಮಳೆ. ಮತ್ತೊಂದರಲ್ಲಿ ದೋಣಿ. ಬೆಳಿಗ್ಗೆ ಎದ್ದು ಅವನು ಬರೆದ ಉತ್ತರ: ‘ಅಕ್ಷರಮಾಲೆ.’ ಮಲಗುವ ಮೊದಲೇ ಅದು ಉತ್ತರವೆಂದು ತೀರ್ಮಾನಿಸಿಬಿಟ್ಟಿದ್ದ. ರಾತ್ರಿಯಿಡೀ ನೀರಿನಲ್ಲಿ ಮಿಂದೆದ್ದರೂ ಮೈ ನೆನೆಯಲಿಲ್ಲ.

ಈ ವಿದ್ಯೆಯ ಕಷ್ಟವೆಲ್ಲ ಈ ಹುಡುಗನಲ್ಲಿದೆ. ಕನಸು ವಾಕ್ಯದಲ್ಲಿ ಉತ್ತರಿಸುವುದು ಅಪರೂಪ. ತರ್ಕ ಮಾಡುವ, ‘ಇದು ಸರಿ, ಇದು ತಪ್ಪು’ ಎಂದು ತೂಗುವ ಹಣೆಯ ಹಿಂದಿನ ಮಿದುಳಿನ ಭಾಗ ಆ ಹಂತದಲ್ಲಿ ಮಂಕಾಗಿರುತ್ತದೆ; ಚಿತ್ರ ಮತ್ತು ಭಾವನೆಯ ಭಾಗಗಳು ಎಚ್ಚರದ ಹೊತ್ತಿನಷ್ಟೇ, ಕೆಲವೊಮ್ಮೆ ಅದಕ್ಕಿಂತ ಚುರುಕಾಗಿರುತ್ತವೆ. ಹಾಗಾಗಿ ಕನಸಿಗೆ ದೂರದೂರದ ಸಂಬಂಧಗಳನ್ನು ಜೋಡಿಸುವುದು ಸುಲಭ, ಜೋಡಿಸಿದ್ದು ಸರಿಯೇ ಎಂದು ನೋಡುವುದು ಕಷ್ಟ. ಆ ಕೆಲಸ ಎದ್ದವನದು. ಅವನು ಮೊದಲೇ ತೀರ್ಮಾನ ಮಾಡಿಕೊಂಡಿದ್ದರೆ ಚಿತ್ರ ಎಷ್ಟೇ ಸ್ಪಷ್ಟವಾಗಿದ್ದರೂ ಕಾಣುವುದಿಲ್ಲ. ತದ್ವಿರುದ್ಧ ಅಪಾಯವೂ ಇದೆ: ಉತ್ತರ ಬೇಕೇ ಬೇಕು ಎಂದು ಹೊರಟವನಿಗೆ ಯಾವ ಚಿತ್ರದಲ್ಲಾದರೂ ಉತ್ತರ ಕಾಣುತ್ತದೆ. ಆ ಹುಡುಗನ ಒಗಟಿಗೆ ಸರಿಯುತ್ತರ ನಮಗೆ ಮೊದಲೇ ಗೊತ್ತಿದೆ, ಆದ್ದರಿಂದ ಶಾರ್ಕು ಮಳೆಗಳೆಲ್ಲ ಒಂದೇ ಸಾಲಿನಲ್ಲಿ ನಿಂತು ಕಾಣುತ್ತವೆ. ಉತ್ತರ ‘ಬೇಟೆ’ ಎಂದಾಗಿದ್ದರೆ ನಾವು ಶಾರ್ಕನ್ನಷ್ಟೇ ಎತ್ತಿಹಿಡಿದು ಮಳೆಯನ್ನು ಮರೆಯುತ್ತಿದ್ದೆವು.

ಡಿಮೆಂಟರ ಲೆಕ್ಕ ನೋಡಿ ಕನಸಿನ ಆಸೆಯನ್ನೇ ಬಿಡಬೇಕಾಗಿಲ್ಲ. ಒಗಟು ಯಾರದೋ, ವಿದ್ಯಾರ್ಥಿಗೆ ಅದರಿಂದ ಆಗಬೇಕಾದದ್ದೇನೂ ಇರಲಿಲ್ಲ. 1993ರಲ್ಲಿ ಹಾರ್ವರ್ಡ್‌ನ ಮನಶ್ಶಾಸ್ತ್ರಜ್ಞೆ ಡೀರ್ಡ್ರಿ ಬ್ಯಾರೆಟ್ ಪ್ರಕಟಿಸಿದ ಅಧ್ಯಯನದಲ್ಲಿ 76 ವಿದ್ಯಾರ್ಥಿಗಳು ತಮಗೆ ಬೇಕಾದ ಪ್ರಶ್ನೆಯನ್ನು ತಾವೇ ಆರಿಸಿಕೊಂಡರು. ಪ್ರಯತ್ನವೂ ಒಂದು ರಾತ್ರಿಯದ್ದಲ್ಲ, ಒಂದೇ ಪ್ರಶ್ನೆಯ ಮೇಲೆ ಒಂದು ವಾರದ್ದು. ವಾರ ಮುಗಿಯುವಷ್ಟರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಪ್ರಶ್ನೆಗೆ ಸಂಬಂಧಿಸಿದ ಕನಸು ಬಿದ್ದಿತ್ತು. ಅವರಲ್ಲಿ ಹೆಚ್ಚಿನವರಿಗೆ ಅದರಲ್ಲಿ ಪರಿಹಾರವೂ ಇದೆ ಎನಿಸಿತ್ತು. ಬರೀ ಅವರ ಮಾತನ್ನೇ ನಂಬದೆ ಇಬ್ಬರು ತೀರ್ಪುಗಾರರಿಂದಲೂ ಕನಸುಗಳನ್ನು ಓದಿಸಿದ್ದರು. ಎದ್ದು ಕಂಡದ್ದು ಒಂದೇ ವಿಷಯ: ಪಠ್ಯದ, ಲೆಕ್ಕದ ಸಮಸ್ಯೆಗಳಿಗಿಂತ ತಮ್ಮ ಬಾಳಿಗೆ ಸೇರಿದ ಪ್ರಶ್ನೆಗಳು ಬಗೆಹರಿದಂತೆ ಕಂಡದ್ದು ಬಹಳ ಹೆಚ್ಚು. ಯಾವ ಕೋರ್ಸಿಗೆ ಸೇರಲಿ, ಈ ಸ್ನೇಹ ಇಟ್ಟುಕೊಳ್ಳಲೋ ಬಿಡಲೋ ಎಂಬಂಥವು.

ಕಾರಣ ಊಹಿಸುವುದು ಕಷ್ಟವಲ್ಲ. ಬಾಳಿನ ಪ್ರಶ್ನೆಗೆ ಬೇಕಾದ ಸಾಮಗ್ರಿಯೆಲ್ಲ ಆಗಲೇ ನಮ್ಮೊಳಗಿರುತ್ತದೆ. ಯಾರು ಯಾವಾಗ ಏನಂದರು, ಆಗ ನಮ್ಮ ಹೊಟ್ಟೆಯಲ್ಲಿ ಏನಾಯಿತು, ಯಾವುದನ್ನು ಕಂಡೂ ಕಾಣದಂತೆ ಇದ್ದೆವು, ಎಲ್ಲವೂ. ಉತ್ತರದ ಸರಿತಪ್ಪನ್ನು ಅಳೆಯುವವರೂ ನಾವೇ. ‘ನನಗೆ ಇದು ಬೇಡವಾಗಿದೆ’ ಎಂದು ಕನಸು ತೋರಿಸಿಕೊಟ್ಟರೆ ಅದೇ ಅರ್ಧ ಉತ್ತರ. ಲೆಕ್ಕದ ಉತ್ತರವಾದರೆ ಹೊರಗೆ ಎಲ್ಲೋ ಇದೆ, ನಮ್ಮ ಭಾವನೆಗೆ ಅದು ಸೊಪ್ಪು ಹಾಕುವುದಿಲ್ಲ.

ಹಾಗಾದರೆ ವಿಜ್ಞಾನಿಗಳ, ಗಣಿತಜ್ಞರ ಕನಸುಗಳು? ಬೆಂಜೀನ್ ಅಣುವಿನ ಉಂಗುರದ ರಚನೆ ತೂಕಡಿಕೆಯಲ್ಲಿ ಬಾಲ ಕಚ್ಚಿದ ಹಾವಾಗಿ ಕಂಡಿತೆಂದು ಕೆಕುಲೆ ಹೇಳಿದ್ದು 1890ರಲ್ಲಿ. ಲೇಖನ ಪ್ರಕಟಿಸಿದ್ದು 1865ರಲ್ಲಿ. ಇಪ್ಪತ್ತೈದು ವರ್ಷದ ನೆನಪಿನಲ್ಲಿ ಕನಸು ಎಷ್ಟು ನಯವಾಗಿರಬಹುದೋ. ಶ್ರೀನಿವಾಸ ರಾಮಾನುಜನ್ ಅವರದು ನಮ್ಮ ಮಂತ್ರಾಲಯದ ಸೇವೆಗೆ ಹತ್ತಿರದ ಕಥೆ. ಕೇಂಬ್ರಿಜ್‌ಗೆ ಹೋಗಬೇಕೋ ಬೇಡವೋ, ಕಡಲು ದಾಟಿದರೆ ಜಾತಿ ಕೆಡುತ್ತದೆ ಎಂಬ ತೊಳಲಾಟದಲ್ಲಿ ಅವರು ನಾಮಕ್ಕಲ್‌ನ ನಾಮಗಿರಿ ತಾಯಾರ್ ಗುಡಿಗೆ ಹೋಗಿ ಅಲ್ಲೇ ಮಲಗಿದರೆಂದು ಜೀವನಚರಿತ್ರೆಗಳು ಹೇಳುತ್ತವೆ. ಮೊದಲ ಎರಡು ರಾತ್ರಿ ಏನೂ ಇಲ್ಲ. ಮೂರನೆಯ ರಾತ್ರಿ ಕನಸಿನಲ್ಲಿ ಅಪ್ಪಣೆಯಾಯಿತು. 1914ರಲ್ಲಿ ಹಡಗು ಹತ್ತಿದರು. ಇಲ್ಲೂ ಅವರು ಕೇಳಿದ್ದು ಗಣಿತವನ್ನಲ್ಲ, ಹೋಗಲೋ ಬೇಡವೋ ಎಂಬುದನ್ನು. ಹೋಗುವ ಆಸೆ ಅವರಲ್ಲಿ ಇರಲಿಲ್ಲವೆಂದು ಯಾರು ಹೇಳಿಯಾರು? ಕನಸು ಕೊಟ್ಟದ್ದು ಅಪ್ಪಣೆ. ಮನೆಯವರ ಮುಂದೆ, ಜಾತಿಯ ಮುಂದೆ ಇಡಬಹುದಾದ ಅಪ್ಪಣೆ. ಸಂಕೋಚದ ಸಮಾಜದಲ್ಲಿ ಅದರ ಬೆಲೆ ದೊಡ್ಡದು. ಕೃಷ್ಣದೇವರಾಯನ ಕನಸೂ ಅವನಿಗೆ ಇಂಥದೇ ಉಪಕಾರ ಮಾಡಿರಬಹುದು.

ಒಂದು ಕೆಲಸವನ್ನಂತೂ ಕನಸು ಮಾಡಲಾರದು: ನಮಗೆ ಯಾವ ದಾರಿಯಿಂದಲೂ ತಲುಪದ ಸುದ್ದಿಯನ್ನು ತರುವುದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ ಹತ್ತೊಂಬತ್ತನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಎಡದಂಡೆ ಕಾಲುವೆಯ ನೀರನ್ನೇ ನಂಬಿರುವ ಗಂಗಾವತಿ, ಕಾರಟಗಿ ಸೀಮೆಯ ಮನೆಮನೆಯಲ್ಲೂ ಅಂದು ನಿದ್ದೆ ಕೆಟ್ಟಿತು. ಅದಕ್ಕೆ ಮೊದಲು ‘ಈ ಸಲ ಎರಡನೇ ಬೆಳೆಗೆ ನೀರು ಬರುತ್ತದೋ’ ಎಂದು ಕೇಳಿ ಮಲಗಿದ ರೈತನಿಗೆ ಏನು ಕಂಡಿರಲಿ, ಸರಪಳಿಯ ಸವಕಳಿ ಕಾಣುವ ದಾರಿ ಇರಲಿಲ್ಲ. ತುಂಬಿದ ಕಾಲುವೆ ಕಂಡಿದ್ದರೆ ಅದು ಅವನ ಆಸೆ, ಬತ್ತಿದ್ದು ಕಂಡಿದ್ದರೆ ಅವನ ಭಯ. ಸೋನಾ ಮಸೂರಿಯ ಧಾರಣೆ, ಲಾಟರಿಯ ನಂಬರು, ಹೊಟ್ಟೆಯೊಳಗಿನ ಗಂಟು ಎಂಥದೆಂಬ ಪ್ರಶ್ನೆ, ಇವೆಲ್ಲ ಇದೇ ಸಾಲಿಗೆ ಸೇರಿದವು. ಕೊನೆಯದಕ್ಕೆ ಕನಸು ಕಾಯುತ್ತ ಕೂತರೆ ಕಾಲ ಮಿಂಚಿಹೋಗುತ್ತದೆ.

ಇನ್ನು ಕೇಳುವ ಬಗೆ. ಒಬ್ಬ ಗುಮಾಸ್ತನನ್ನು ಕಲ್ಪಿಸಿಕೊಳ್ಳೋಣ. ಗಂಗಾವತಿಯ ರೈಸ್ ಮಿಲ್ಲೊಂದರಲ್ಲಿ ಹತ್ತಾರು ವರ್ಷ ಲೆಕ್ಕ ಬರೆದವನು. ಅವನ ಹೆಂಡತಿಯ ಅಣ್ಣ ಸಣ್ಣದೊಂದು ಮಿಲ್ ಹಿಡಿಯುತ್ತಿದ್ದಾನೆ. ‘ನೀವೂ ರೊಕ್ಕ ಹಾಕ್ರಿ ಮಾವಾ, ಪಾಲು ಇಟ್ಕೊಳ್ರಿ’ ಅಂತಿದ್ದಾನೆ. ಗುಮಾಸ್ತನಿಗೆ ನಿದ್ದೆಯಿಲ್ಲ. ಅವನ ಮೊದಲ ಪ್ರಶ್ನೆ ‘ಮಿಲ್ ನಡೀತದೋ ಇಲ್ಲೋ?’ ಇದು ಸರಪಳಿಯ ಪ್ರಶ್ನೆ, ಕನಸಿಗೆ ಹೊರಗಿನದು. ಕೇಳಬಹುದಾದದ್ದು ಬೇರೆ: ‘ಈ ಪಾಲುದಾರಿಕೆ ಅಂದ್ರ ನನಗ ಯಾಕ ಅಳುಕು?’ ಇದನ್ನು ಒಂದೇ ಸಾಲಿನಲ್ಲಿ ಚೀಟಿಯ ಮೇಲೆ ಬರೆದು ತಲೆದಿಂಬಿನ ಹತ್ತಿರ ಇಡುತ್ತಾನೆ. ಮಲಗುವ ಮುಂಚೆ ಹತ್ತು ಹದಿನೈದು ನಿಮಿಷ ಅದೇ ವಿಷಯವನ್ನು ತಿರುವಿಹಾಕುತ್ತಾನೆ. ವಾದ ಮಾಡುವುದಲ್ಲ, ಕಣ್ಣ ಮುಂದೆ ತಂದುಕೊಳ್ಳುವುದು: ಮಿಲ್ಲಿನ ಅಂಗಳ, ಭಾವನ ಮುಖ, ಲೆಕ್ಕದ ಪುಸ್ತಕ. ದೀಪ ಆರಿಸಿದ ಮೇಲೆ ‘ಇದರ ಬಗ್ಗೆ ಕನಸು ಬೀಳಲಿ’ ಎಂದುಕೊಳ್ಳುತ್ತ ನಿದ್ದೆಗೆ ಜಾರುತ್ತಾನೆ. ಡಿಮೆಂಟ್, ಬ್ಯಾರೆಟ್ ಹೇಳಿಕೊಡುವ ವಿಧಾನ ಇಷ್ಟೇ. ಒದ್ದೆ ಬಟ್ಟೆ, ಉಪವಾಸ, ಗುಡಿಯ ಅಂಗಳ ಎಲ್ಲ ತೆಗೆದರೆ ಸೇವೆಯಲ್ಲಿ ಉಳಿಯುವುದೂ ಬಹುಮಟ್ಟಿಗೆ ಇದೇ. ದಿನವಿಡೀ ಒಂದೇ ವಿಷಯ ಮನಸ್ಸಿನಲ್ಲಿ ಇರುವಂತೆ ಮಾಡುವುದರಲ್ಲಿ ಸೇವೆಯ ವ್ಯವಸ್ಥೆ ಚೀಟಿಗಿಂತ ಗಟ್ಟಿ ಎನ್ನಬೇಕು. ಮನೆಯಲ್ಲಿ ಮಲಗಿದವನ ತಲೆಯಲ್ಲಿ ಫೋನು, ಸೀರಿಯಲ್ಲು, ಮಕ್ಕಳ ಫೀಸು ಎಲ್ಲ ಒಟ್ಟಿಗೆ ಇರುತ್ತವೆ.

ಎದ್ದಾಗಿನ ಕೆಲಸ ಮಲಗುವಾಗಿನದಕ್ಕಿಂತ ಮುಖ್ಯ. ಕಣ್ಣು ಬಿಟ್ಟ ಕೂಡಲೇ ಮಗ್ಗುಲು ಬದಲಿಸಬಾರದು, ಫೋನು ಮುಟ್ಟಬಾರದು. ಇದ್ದ ಹಾಗೇ ಮಲಗಿ, ಕೈಗೆ ಸಿಕ್ಕ ಕೊನೆಯ ಚಿತ್ರವನ್ನು ಹಿಡಿದು ಹಿಂದಕ್ಕೆ ಹೋಗಬೇಕು. ಆಮೇಲೆ ಬರೆಯಬೇಕು, ಅರ್ಥ ಹಚ್ಚದೆ. ನಮ್ಮ ಗುಮಾಸ್ತನಿಗೆ ಮೊದಲ ದಿನ ಏನೂ ನೆನಪಿಲ್ಲ. ಮರುದಿನ ಬಸ್ಸು ತಪ್ಪಿದ ಕನಸು, ಬರೆದಿಟ್ಟ. ಇನ್ನೊಂದು ದಿನ ಸತ್ತುಹೋದ ಅಜ್ಜಿ ಬಂದು ಬುತ್ತಿ ಕಟ್ಟಿಕೊಟ್ಟಳು. ವಾರದ ಕೊನೆಗೆ ಒಂದು ಕನಸು: ಲಾರಿ ತೂಗುವ ಕಾಟಾದ ಮೇಲೆ ಭಾವ ನಿಂತು ನಗುತ್ತಿದ್ದಾನೆ, ತೂಕದ ಅಂಕಿ ನಿಲ್ಲದೆ ಏರುತ್ತಿದೆ, ಬರೆದುಕೊಳ್ಳಲು ಇವನ ಕೈಯಲ್ಲಿ ಪೆನ್ನಿಲ್ಲ.

ಇದನ್ನು ಹೇಗೆ ಓದಬೇಕು? ‘ಭಾವ ಮೋಸಗಾರ, ಕನಸು ಹೇಳಿತು’ ಎಂದು ಓದಿದರೆ ಮನೆ ಮುರಿಯುತ್ತದೆ. ಭಾವನ ಮನಸ್ಸಿನಲ್ಲಿ ಏನಿದೆಯೋ ಗುಮಾಸ್ತನ ಕನಸಿಗೆ ಗೊತ್ತಿಲ್ಲ. ಗೊತ್ತಿರುವುದು ಗುಮಾಸ್ತನಿಗೆ ಏನು ಗೊತ್ತೋ ಅಷ್ಟೇ. ಹಾಗಾಗಿ ಅವನು ತನ್ನನ್ನೇ ಕೇಳಿಕೊಳ್ಳಬೇಕು: ಪೆನ್ನಿಲ್ಲ ಎನ್ನುವಾಗಿನ ಆ ಗಾಬರಿ ನನಗೆ ಎಚ್ಚರದಲ್ಲಿ ಎಲ್ಲಿ ಆಗಿದೆ? ಮೂರು ಸಲ ಮಾತಿಗೆ ಕೂತರೂ ಭಾವ ಎಲ್ಲ ಲೆಕ್ಕವನ್ನೂ ಬಾಯಲ್ಲೇ ಹೇಳಿದ್ದು, ಹಾಳೆಯ ಮೇಲೆ ಒಂದು ಅಕ್ಷರವೂ ಬೀಳದಿದ್ದದ್ದು ಆಗ ನೆನಪಾಗಬಹುದು. ಜೀವಮಾನವೆಲ್ಲ ಲೆಕ್ಕ ಬರೆದವನಿಗೆ ಅದು ಚುಚ್ಚದೆ ಇದ್ದೀತೆ? ಹೆಂಡತಿಯ ಅಣ್ಣನಲ್ಲಿ ‘ಬರೆದು ಕೊಡ್ರಿ’ ಅನ್ನಲು ಸಂಕೋಚವಾಗಿ ಆ ಚುಚ್ಚನ್ನು ಒತ್ತಿಟ್ಟಿದ್ದ. ಒತ್ತಿಟ್ಟದ್ದು ಕನಸಿನಲ್ಲಿ ಮೇಲೇಳುವುದು ಹೊಸ ಸಂಗತಿಯಲ್ಲ. 2004ರಲ್ಲಿ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಮಲಗುವ ಮುನ್ನ ಒಬ್ಬ ಪರಿಚಿತರನ್ನು ನೆನೆಯಲೇಬೇಡಿ ಎಂದು ವಿದ್ಯಾರ್ಥಿಗಳಿಗೆ ಹೇಳಿ ನೋಡಿದರು. ಆ ವ್ಯಕ್ತಿ ಅವರ ಕನಸಿಗೆ ಹೆಚ್ಚಾಗಿಯೇ ಬಂದರು.

ಓದಿದ್ದು ಸರಿಯೋ ಎಂದು ತಿಳಿಯುವುದಕ್ಕೆ ಒಂದು ಒರೆಗಲ್ಲಿದೆ. ಕನಸನ್ನು ಬದಿಗಿಟ್ಟು ಎಚ್ಚರದ ಸಾಕ್ಷಿಯೊಂದರಿಂದಲೇ ಆ ಮಾತು ನಿಲ್ಲುತ್ತದೆಯೇ? ‘ಲೆಕ್ಕ ಬರಹದಲ್ಲಿಲ್ಲ’ ಎಂಬುದು ನಿಲ್ಲುತ್ತದೆ. ಮೂರು ಸಲದ ಮಾತುಕತೆಯೇ ಸಾಕ್ಷಿ. ‘ಭಾವ ಮೋಸಗಾರ’ ಎಂಬುದು ನಿಲ್ಲುವುದಿಲ್ಲ. ಎರಡನೆಯ ಎಚ್ಚರಿಕೆ, ಬೇಸರದ್ದಾದರೂ ಬೇಕಾದದ್ದು: ಬಸ್ಸು ತಪ್ಪಿದ್ದು, ಅಜ್ಜಿಯ ಬುತ್ತಿ ಎರಡೂ ಬರಹದಲ್ಲಿ ಇರಲೇಬೇಕು. ಬರೆಯದಿದ್ದರೆ ತಿಂಗಳು ಕಳೆಯುವಷ್ಟರಲ್ಲಿ ಕಾಟಾದ ಕನಸೊಂದೇ ಉಳಿದು, ‘ಕೇಳಿದೆ, ಹೇಳಿತು’ ಎಂಬ ಕಥೆಯಾಗುತ್ತದೆ. ಗ್ರೀಸಿನ ಎಪಿಡಾರಸ್ ಎಂಬಲ್ಲಿ ಅಸ್ಕ್ಲೀಪಿಯಸ್ ದೇವರ ಗುಡಿಯಿತ್ತು. ರೋಗಿಗಳು ಅಲ್ಲಿ ಮಲಗಿ ಕನಸಿನಲ್ಲಿ ಚಿಕಿತ್ಸೆ ಪಡೆಯುತ್ತಿದ್ದರು. ಕ್ರಿಸ್ತಪೂರ್ವ ನಾಲ್ಕನೇ ಶತಮಾನದಲ್ಲಿ ಅಲ್ಲಿ ನಿಲ್ಲಿಸಿದ ಕಲ್ಲುಗಳಲ್ಲಿ ವಾಸಿಯಾದವರ ಕಥೆಗಳನ್ನು ಸಾಲಾಗಿ ಕೆತ್ತಿದ್ದಾರೆ. ಬರಿಗೈಯಲ್ಲಿ ಊರಿಗೆ ಮರಳಿದವರಿಗೆ ಕಲ್ಲು ಕೆತ್ತಿಸುವವರು ಯಾರು? ಮಂತ್ರಾಲಯದಿಂದ ಬಂದವರ ಮಾತಿನಲ್ಲೂ ನಮ್ಮ ಕಿವಿಗೆ ಬೀಳುವುದು ಸೂಚನೆ ಆದವರದೇ.

ಇತ್ತೀಚೆಗೆ ಕನಸಿಗೆ ಕಾಯುವುದನ್ನು ಬಿಟ್ಟು ನಿದ್ದೆಯ ಹೊಸ್ತಿಲಲ್ಲೇ ಅದನ್ನು ಹಿಡಿಯುವ ಪ್ರಯೋಗಗಳು ನಡೆದಿವೆ. ಎಂಐಟಿಯ ಸಂಶೋಧಕರು ಕೈಗೆ ಹಾಕುವ ಒಂದು ಸಾಧನ ಮಾಡಿದ್ದಾರೆ. ನಿದ್ದೆಗೆ ಜಾರುವ ಗಳಿಗೆಯನ್ನು ಅದು ಗುರುತಿಸುತ್ತದೆ, ‘ಮರದ ಬಗ್ಗೆ ಯೋಚಿಸಿ’ ಎಂದು ಕಿವಿಯಲ್ಲಿ ಹೇಳುತ್ತದೆ, ಕೆಲ ನಿಮಿಷ ಬಿಟ್ಟು ಎಬ್ಬಿಸಿ ಏನು ಕಂಡಿರಿ ಎಂದು ಕೇಳುತ್ತದೆ. 2020ರಲ್ಲಿ ಪ್ರಕಟವಾದ ವರದಿಯಲ್ಲಿ ಹೀಗೆ ಎದ್ದವರು ಹೇಳಿದ ಕನಸುಗಳಲ್ಲಿ ಮೂರರಲ್ಲಿ ಎರಡರಷ್ಟರಲ್ಲಿ ಮರವಿತ್ತು. ಡಿಮೆಂಟರ ನೂರಕ್ಕೆ ಏಳೆಂಟರ ಪಕ್ಕದಲ್ಲಿ ಇದು ಭಾರೀ ಎನಿಸುತ್ತದೆ. ಆದರೆ ಮರ ಎನ್ನುವುದು ವಿಷಯ, ಪ್ರಶ್ನೆಯಲ್ಲ. ಬೇಕಾದ ವಿಷಯವನ್ನು ಕನಸಿನೊಳಕ್ಕೆ ತಳ್ಳುವುದು ಈಗ ಸಾಧ್ಯವಾಗಿದೆ. ಅದಕ್ಕೆ ಸರಿಯಾದ ಉತ್ತರ ಹೊರಬರುವಂತೆ ಮಾಡುವುದು ಬೇರೆಯದೇ ಮಾತು.

ಯಾರಿಗೆ ಇದೆಲ್ಲ ಬೇಡ ಎಂಬುದೂ ಇದೆ. ದಿನವೂ ಕೆಟ್ಟ ಕನಸಿಗೆ ಬೆಚ್ಚಿ ಏಳುವವರು, ಹಳೆಯ ಆಘಾತವೊಂದು ಮತ್ತೆ ಮತ್ತೆ ಕನಸಾಗಿ ಬರುವವರು ಅದನ್ನೇ ನೆನೆಯುತ್ತ ಮಲಗಬಾರದು, ಗಾಯ ಕೆದಕಿದಂತಾಗುತ್ತದೆ. ನಿದ್ದೆಯಲ್ಲೇ ಕೈಕಾಲು ಬೀಸಿ ಪಕ್ಕದವರನ್ನು ಹೊಡೆಯುವ ಹಿರಿಯರಿದ್ದರೆ ಅದು ಕನಸಿನ ಸೂಚನೆಯಲ್ಲ, ನರರೋಗ ತಜ್ಞರಿಗೆ ತೋರಿಸಬೇಕಾದ ಲಕ್ಷಣ. ನಿದ್ದೆಯೇ ಬಾರದವನಿಗೆ ಪ್ರಶ್ನೆಯ ಚೀಟಿ ಕೊಟ್ಟರೆ ಅವನು ರಾತ್ರಿಯಿಡೀ ಚೀಟಿಯನ್ನೇ ಕಾಯುತ್ತಾನೆ.

ಉಳಿದವರು ಒಂದು ವಾರ ಪ್ರಯತ್ನಿಸಬಹುದು. ನಿಮ್ಮದೇ ಬಾಳಿನ ಪ್ರಶ್ನೆಯಾದರೆ ಸಂಬಂಧಪಟ್ಟ ಒಂದು ಕನಸು ಬೀಳುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕರ್ಧ. ಗುಮಾಸ್ತ ಆ ಕನಸು ಬಿದ್ದ ಮೇಲೂ ರೊಕ್ಕ ಹಾಕಿದನೋ ಬಿಟ್ಟನೋ ಎಂಬುದು ಭಾವನ ಮೇಲೂ ನಿಂತಿದೆ. ಮುಂದಿನ ಸಲ ಮಾತಿಗೆ ಕೂತಾಗ ಗುಮಾಸ್ತ ಜೇಬಿನಲ್ಲಿ ಪೆನ್ನು, ನೂರು ರೂಪಾಯಿಯ ಸ್ಟಾಂಪ್ ಪೇಪರ್ ಇಟ್ಟುಕೊಂಡು ಹೋಗುತ್ತಾನೆ. ಮೊದಲ ಕಂಡಿಕೆಯಲ್ಲಿ ಯಾರ ಬಂಡವಾಳ ಎಷ್ಟು, ತಿಂಗಳ ಲೆಕ್ಕ ಯಾರು ಬರೆಯಬೇಕು ಎಂಬುದನ್ನು ಹಾಕಿಸುತ್ತಾನೆ.